ಸ್ಟೆಂಟ್ ಹಾಕಿಸಿಕೊಂಡ ಮೇಲೆ ಎಷ್ಟು ನಡೆಯಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೋದವರು ಮೊದಲ ಸಲ ತೋರಿಸೋಕೆ ಬಂದಾಗ ನಾನು ಕೇಳೋ ಪ್ರಶ್ನೆ ಒಂದೇ: "ದಿನಾ ಎಷ್ಟು ಓಡಾಡ್ತಿದ್ದೀರಿ?" ಕೆಲವರು ಹಾಸಿಗೆ ಬಿಟ್ಟು ಎದ್ದೇ ಇರುವುದಿಲ್ಲ. ಇನ್ನು ಕೆಲವರು ಎರಡನೇ ವಾರಕ್ಕೇ ಪಾರ್ಕ್‌ನಲ್ಲಿ ಓಡುತ್ತಿರುತ್ತಾರೆ. ಇವತ್ತು ಈ ಎರಡರ ನಡುವಿನ ದಾರಿಯ ಬಗ್ಗೆ ಮಾತಾಡೋಣ.

ಒಬ್ಬ ದಿನಸಿ ಅಂಗಡಿ ಯಜಮಾನರನ್ನು ಉದಾಹರಣೆಗೆ ತೆಗೆದುಕೊಳ್ಳಿ. ವಯಸ್ಸು 56. ಒಂದು ರಕ್ತನಾಳಕ್ಕೆ ಸ್ಟೆಂಟ್ ಬಿದ್ದಿದೆ. ಎಕೋದಲ್ಲಿ ಪಂಪಿಂಗ್ 50 ಪರ್ಸೆಂಟ್ ಅಂತ ಬಂದಿದೆ, ಅಂದರೆ ಸ್ವಲ್ಪ ಕಡಿಮೆ, ಗಾಬರಿಪಡುವಷ್ಟಲ್ಲ. ಎದೆನೋವು ಮತ್ತೆ ಬಂದಿಲ್ಲ. ಇಂಥವರು ಮನೆಗೆ ಹೋದ ಮೊದಲ ವಾರ ಸಮತಟ್ಟಾದ ಜಾಗದಲ್ಲಿ ಒಂದು ಸಲಕ್ಕೆ 5 ನಿಮಿಷ, ದಿನಕ್ಕೆ ಮೂರು ಸಲ ನಡೆದರೆ ಸಾಕು. ಹಜಾರ, ಜಗಲಿ, ಮನೆ ಮುಂದಿನ ರಸ್ತೆ, ಎಲ್ಲಾದರೂ ಸರಿ. ಸುಸ್ತಾಗದಿದ್ದರೆ ಎರಡು ದಿನಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸುತ್ತಾ ಹೋಗಬೇಕು. ಎರಡನೇ ವಾರದ ಕೊನೆಗೆ 10 ನಿಮಿಷ, ನಾಲ್ಕನೇ ವಾರಕ್ಕೆ 20, ಆರನೇ ವಾರದ ಹೊತ್ತಿಗೆ ಒಂದೇ ಸಮನೆ ಅರ್ಧ ಗಂಟೆ. ಮೊದಲು ನಿಮಿಷ ಹೆಚ್ಚಬೇಕು, ವೇಗ ಆಮೇಲೆ. ನಮ್ಮ ಜನ ಇದನ್ನೇ ಉಲ್ಟಾ ಮಾಡುವುದು. ಪಂಪಿಂಗ್ ತೀರಾ ಕಡಿಮೆ ಇರುವವರು, ಇನ್ನೊಂದು ಬ್ಲಾಕ್ ಬಾಕಿ ಉಳಿದಿರುವವರು ಈ ಲೆಕ್ಕ ಹಿಡಿಯಬೇಡಿ. ನಿಮ್ಮದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆದರೆ 150 ನಿಮಿಷ ಆಯಿತಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದೂ ಅದನ್ನೇ: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ. ಮೊದಲು ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆಗಲೇಬೇಕು ಅನ್ನುತ್ತಿದ್ದರು. ಈಗ ಆ ಕಟ್ಟುಪಾಡೂ ಇಲ್ಲ. ಅಂಗಡಿ ಬಾಗಿಲು ತೆಗೆಯೋಕೆ ಬಿರಬಿರನೆ ನಡೆದು ಹೋದ 7 ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಸಾಧಾರಣ ಬಿರುಸು ಅಂದರೆ ಎಷ್ಟು? ಯಜಮಾನರ ಮಗ ಅಪ್ಪನಿಗೊಂದು ವಾಚ್ ಕಟ್ಟಿದ್ದಾನೆ. ವಾಚಿನ ಲೆಕ್ಕ 220ರಲ್ಲಿ ವಯಸ್ಸು ಕಳೆಯುವುದು, ಅಂದರೆ 164. ಅದರಲ್ಲಿ 70 ಪರ್ಸೆಂಟ್, ಸುಮಾರು 115. ನಾಡಿ 115 ಮುಟ್ಟಬೇಕು ಅಂತ ಅದು ಹೇಳುತ್ತದೆ. ಆದರೆ ಇವರು ದಿನಾ ಮೆಟೊಪ್ರೊಲಾಲ್ ಮಾತ್ರೆ ನುಂಗುತ್ತಾರೆ. ನಾಡಿ ಜಾಸ್ತಿ ಏರದಂತೆ ನೋಡಿಕೊಳ್ಳುವುದೇ ಆ ಮಾತ್ರೆಯ ಕೆಲಸ. ಚೆನ್ನಾಗಿ ನಡೆದರೂ ಇವರ ನಾಡಿ 90ರ ಹತ್ತಿರ ನಿಲ್ಲುತ್ತದೆ. 115 ಬರಲಿಲ್ಲ ಅಂತ ಓಡೋಕೆ ಹೋದರೆ ಏದುಸಿರು ಬಂದು ಕಲ್ಲುಬೆಂಚಿನ ಮೇಲೆ ಕೂರಬೇಕಾಗುತ್ತದೆ. ಅದಕ್ಕೇ ಈ ಮಾತ್ರೆ ತೆಗೆದುಕೊಳ್ಳುವವರಿಗೆ ನಾನು ಹೇಳೋದು, ವಾಚ್ ಟೈಮ್ ನೋಡೋಕೆ ಇರಲಿ. ನಡೆಯುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗಬೇಕು, ಹಾಡೋಕೆ ಮಾತ್ರ ಉಸಿರು ಸಾಲಬಾರದು. ಅದೇ ಸರಿಯಾದ ವೇಗ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಜಾಸ್ತಿಯಾಯಿತು.

ಮೊದಲ 5 ನಿಮಿಷ ನಿಧಾನ, ಕೊನೆಯ 5 ನಿಮಿಷವೂ ನಿಧಾನ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಬಿರುಸಾಗಿ ನಡೆದು ಥಟ್ಟನೆ ನಿಂತರೆ ಕಾಲಿನ ರಕ್ತ ಕಾಲಲ್ಲೇ ಉಳಿದು ಬಿಪಿ ಇಳಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಚಳಿಗಾಲದಲ್ಲಿ ನಸುಕಿನಲ್ಲೇ ಹೊರಡಬೇಡಿ. ಚಳಿಗೆ ರಕ್ತನಾಳ ಬಿಗಿಯುತ್ತದೆ. ಬಿಸಿಲು ಬಂದ ಮೇಲೆ ನಡೆದರೆ ನಷ್ಟವೇನಿಲ್ಲ. ಊಟ ಮಾಡಿದ ಕೂಡಲೇ ನಡಿಗೆ ಬೇಡ, ಒಂದೂವರೆ ಗಂಟೆ ಬಿಡಿ. ಜ್ವರ ಇದ್ದ ದಿನ ನಡಿಗೆಗೆ ರಜೆ.

ಇನ್ನು ಯೋಗ. ನಮ್ಮ ದೇಶದಲ್ಲೇ ಇದರ ಬಗ್ಗೆ ಒಂದು ದೊಡ್ಡ ಅಧ್ಯಯನ ನಡೆದಿದೆ. ಯೋಗ-ಕೇರ್ ಅಂತ ಅದರ ಹೆಸರು. 24 ಆಸ್ಪತ್ರೆಗಳಲ್ಲಿ, ಹೃದಯಾಘಾತವಾಗಿದ್ದ ಸುಮಾರು 4000 ಜನ. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಯೋಗ ಕಲಿತವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂದರು, ಮೊದಲಿನ ಕೆಲಸಕಾರ್ಯಗಳಿಗೂ ಹೆಚ್ಚು ಮರಳಿದರು. ಆದರೆ ಸಾವು, ಮತ್ತೆ ಹೃದಯಾಘಾತ, ಇಂಥವು ಕಡಿಮೆಯಾದವು ಅಂತ ಖಚಿತವಾಗಿ ಸಾಬೀತಾಗಲಿಲ್ಲ. ಹಾಗಾಗಿ ಯೋಗ ಮಾಡ್ತೀನಲ್ಲ ಅಂತ ಮಾತ್ರೆ ಬಿಡುವುದು ತಪ್ಪು. ಇನ್ನೊಂದು ಮಾತು, ನಿಧಾನದ ಆಸನಗಳಲ್ಲಿ ಉಸಿರು ಅಷ್ಟೇನೂ ಏರುವುದಿಲ್ಲ. ಹಾಗಾಗಿ ನಾನು ಅವನ್ನು ಆ 150 ನಿಮಿಷಕ್ಕೆ ಸೇರಿಸುವುದಿಲ್ಲ. ಯೋಗ ಬೇಕು, ಆದರೆ ನಡಿಗೆಯ ಜೊತೆಗೆ.

ಯೋಗದಲ್ಲಿ ಹೃದಯದ ರೋಗಿಗೆ ಅಪಾಯ ಎಲ್ಲಿದೆ ಅಂದರೆ, ಮುಖ್ಯವಾಗಿ ಉಸಿರು ಬಿಗಿಹಿಡಿಯುವುದರಲ್ಲಿ. ಉಸಿರು ಕಟ್ಟಿ ಮುಕ್ಕಿದಾಗ ಎದೆಯೊಳಗೆ ಒತ್ತಡ ಏರುತ್ತದೆ, ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ. ಬಿಟ್ಟ ತಕ್ಷಣ ಬಿಪಿ ಜಿಗಿಯುತ್ತದೆ. ಕುಂಭಕ, ಬಂಧಗಳನ್ನು ಬಿಡಿ ಅನ್ನುವುದು ಇದಕ್ಕೇ. ರಭಸದ ಕಪಾಲಭಾತಿ, ಭಸ್ತ್ರಿಕಾ ಕೂಡ ಬೇಡ. ಶೀರ್ಷಾಸನ, ಸರ್ವಾಂಗಾಸನಗಳಂತೂ ಬೇಡವೇ ಬೇಡ. ತಾಡಾಸನ, ಕುರ್ಚಿಯಲ್ಲಿ ಕೂತು ಮಾಡುವ ಆಸನಗಳು, ಉಸಿರು ತಡೆಯದ ಅನುಲೋಮ ವಿಲೋಮ, ಭ್ರಾಮರಿ, ಶವಾಸನ, ಇವು ಸಾಕು. ಶವಾಸನದಿಂದ ಎದ್ದು ನಿಲ್ಲುವಾಗ ಮಾತ್ರ ಅವಸರ ಬೇಡ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ತಿರುಗುತ್ತದೆ. ಮಗ್ಗುಲಾಗಿ, ಒಂದು ನಿಮಿಷ ಕೂತು, ಆಮೇಲೆ ಏಳಿ.

ಬೈಪಾಸ್ ಆದವರಿಗೆ ಒಂದು ಮಾತು. ಕೊಯ್ದ ಎದೆಮೂಳೆ ಗಟ್ಟಿಯಾಗಿ ಕೂಡೋಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕೈ ಮೇಲೆ ಮೈಭಾರ ಬೀಳುವ ಸೂರ್ಯನಮಸ್ಕಾರ ಬೇಡ, ನೀರು ತುಂಬಿದ ಕೊಡವೂ ಬೇಡ. ಕೆಮ್ಮುವಾಗ ಎದೆ ಕಟಕಟ ಅಂದರೆ ಸುಮ್ನೆ ಬಿಡಬೇಡಿ, ಸರ್ಜನ್‌ಗೆ ತೋರಿಸಿ.

ಈಗ ಯಜಮಾನರ ಕಡೆಗೆ ಬರೋಣ. ಐದನೇ ವಾರ, ಏರುರಸ್ತೆಯಲ್ಲಿ ಎದೆ ಮಧ್ಯೆ ಬಿಗಿದ ಹಾಗಾಯಿತು ಅನ್ನಿ. ಗ್ಯಾಸ್ ಇರಬೇಕು ಅಂತ ನಡಿಗೆ ಮುಂದುವರಿಸಬಾರದು. ನಡೆದರೆ ಬಂದು ನಿಂತರೆ ಹೋಗುವ ಬಿಗಿತ, ದವಡೆಗೋ ಎಡತೋಳಿಗೋ ಹರಿಯುವ ನೋವು ಹೃದಯದ್ದೇ ಅಂದುಕೊಳ್ಳಿ. ಅಲ್ಲೇ ಕೂರಬೇಕು. ಡಾಕ್ಟರು ಬರೆದುಕೊಟ್ಟಿದ್ದರೆ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟುಕೊಳ್ಳಬೇಕು. ಕೂತೇ ಇಟ್ಟುಕೊಳ್ಳಬೇಕು, ಯಾಕೆಂದರೆ ಅದು ಬಿಪಿ ಇಳಿಸುತ್ತದೆ, ನಿಂತಿದ್ದರೆ ಬೀಳುತ್ತೀರಿ. ಗಂಡಸ್ತನದ ಮಾತ್ರೆ ನುಂಗಿ ಒಂದೆರಡು ದಿನವೂ ಆಗಿಲ್ಲವಾದರೆ ಸಾರ್ಬಿಟ್ರೇಟ್ ಮುಟ್ಟಲೇಬೇಡಿ, ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಈ ವಿಷಯವನ್ನು ನಾಚಿಕೆಪಟ್ಟು ಮುಚ್ಚಿಡುವವರು ಇದ್ದಾರೆ, ಅದಕ್ಕೇ ಹೇಳಿದೆ. 5 ನಿಮಿಷದಲ್ಲಿ ನೋವು ಹೋಗದಿದ್ದರೆ 108ಕ್ಕೆ ಫೋನ್ ಮಾಡಿ. ಸ್ಕೂಟರ್ ಓಡಿಸಿಕೊಂಡು ನೀವೇ ಆಸ್ಪತ್ರೆಗೆ ಹೊರಡಬೇಡಿ. ನೋವು ಹೋದರೂ ಅವತ್ತಿನ ನಡಿಗೆ ಮುಗಿಯಿತು, ಡಾಕ್ಟರಿಗೆ ತಿಳಿಸುವವರೆಗೆ ಮತ್ತೆ ಹೊರಡಬಾರದು. ಕೂತಲ್ಲೇ ನೋವು ಬಂದರಂತೂ ತಡಮಾಡಬೇಡಿ, ನೇರ ಆಸ್ಪತ್ರೆ.

ಪಂಪಿಂಗ್ ಕಡಿಮೆ ಇರುವವರು ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿ, ಪಾದ ಊದಿಕೊಂಡರೆ ಅದು ನೀರು ತುಂಬಿದ್ದು. ಆಗ ನಡಿಗೆ ನಿಲ್ಲಿಸಿ, ಅವತ್ತೇ ಫೋನ್ ಮಾಡಿ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹರಕೆ ಇದೆ ಅನ್ನುವವರೂ ಬರುತ್ತಾರೆ. ಅದಕ್ಕೆ ಮೊದಲು ಟ್ರೆಡ್‌ಮಿಲ್ ಟೆಸ್ಟ್ ಆಗಲಿ, ಮನೆಯ ಎರಡು ಮಹಡಿ ಎದೆ ಬಿಗಿಯದೆ ಹತ್ತಿ ಅಭ್ಯಾಸವಾಗಲಿ. ಅಲ್ಲಿಯವರೆಗೆ ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿಕೊಂಡು ಬನ್ನಿ.

ನಮಸ್ಕಾರ.