ಅಂಗಳದ ಕೋಲು, ಹನ್ನೆರಡೂವರೆಯ ಮಧ್ಯಾಹ್ನ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನಲ್ಲಿ ಹತ್ತು ವರ್ಷದ ಒಂದು ಮಗುವನ್ನು ಕರೆದು, ಸೂರ್ಯ ತುಂಬಾ ಮೇಲಕ್ಕೆ ಬರುವುದು ಎಷ್ಟು ಗಂಟೆಗೆ ಎಂದು ಕೇಳಿ. ಹನ್ನೆರಡಕ್ಕೆ ಎನ್ನುತ್ತದೆ. ಮೂಡು ಯಾವ ಕಡೆ ಎಂದರೆ ಸೂರ್ಯ ಹುಟ್ಟಿದ ಕಡೆಗೆ ಕೈ ತೋರಿಸುತ್ತದೆ. ಎರಡೂ ಉತ್ತರಕ್ಕೆ ಪರೀಕ್ಷೆಯಲ್ಲಿ ಅಂಕ ಸಿಗಬಹುದು. ಕ್ರಿಸ್‌ಮಸ್ ರಜೆಯಲ್ಲಿ ಮನೆಯಂಗಳದಲ್ಲಿ ಒಂದು ಕೋಲು ನೆಟ್ಟರೆ ಎರಡೂ ನಿಲ್ಲುವುದಿಲ್ಲ.

ಡಿಸೆಂಬರ್ 25 ಎಂದಿಟ್ಟುಕೊಳ್ಳಿ. ಆಗ ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಒಂದು ಮೂಲೆ ಬಿಡಿಸಿಕೊಳ್ಳಿ. ಬೆಳಿಗ್ಗೆ ಹತ್ತೂವರೆಯಿಂದ ಎರಡೂವರೆಯವರೆಗೆ ತೋಟದ ನೆರಳು ಅಲ್ಲಿಗೆ ಬೀಳಬಾರದು. ಮಳೆನೀರು ಹರಿಯಲೆಂದು ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತಾರಲ್ಲ, ಹಾಗಾಗಿ ಒಂದು ಲೋಟ ನೀರು ಸುರಿದು ನೋಡಿ. ಒಂದೇ ಕಡೆಗೆ ಓಡಿದರೆ ಆ ಜಾಗ ಬೇಡ. ಕೋಲು ನೆಲದಿಂದ 60 ಸೆಂಟಿಮೀಟರ್ ಎತ್ತರ ಇರಲಿ. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು, ಕೋಲು ನೆಟ್ಟಗಿದೆಯೇ ಎಂದು ಎರಡು ಕಡೆಯಿಂದ ನೋಡಿ. ತುದಿಗೆ ಗೋಲಿಯಷ್ಟು ದೊಡ್ಡ ಮಣ್ಣಿನ ಉಂಡೆ ಅಂಟಿಸಿ. ಮತ್ತೆ, ಮಕ್ಕಳ ಕಣ್ಣು ನೆಲದ ಮೇಲಿರಲಿ, ಸೂರ್ಯನ ಮೇಲಲ್ಲ.

ಉಂಡೆ ಯಾಕೆಂದರೆ, ಕೋಲಿನ ನೆರಳಿನ ತುದಿ ಚೂಪಾಗಿರುವುದಿಲ್ಲ. ಸೂರ್ಯ ಚುಕ್ಕಿಯಲ್ಲ, ಅಗಲವಾದ ಬಿಂಬ. ಅದರಿಂದ ಅಂಚು ಕೆಲವು ಮಿಲಿಮೀಟರ್ ಮಸುಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಹತ್ತು ನಿಮಿಷದಲ್ಲಿ ನೆರಳಿನ ಉದ್ದ ಬದಲಾಗುವುದು ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. "ಅತಿ ಗಿಡ್ಡ ನೆರಳು ಯಾವಾಗ ಬಂತು ಹೇಳು" ಎಂದು ಮಗುವಿಗೆ ಹೇಳಿದರೆ ಅದು ಪಾಪ ಊಹಿಸಬೇಕಾಗುತ್ತದೆ. ಅದಕ್ಕೇ ಹಳಬರು ಗಿಡ್ಡ ನೆರಳಿಗೆ ಕಾಯುತ್ತಿರಲಿಲ್ಲ. ಯಜ್ಞವೇದಿಯ ಅಳತೆ ಹೇಳುವ ಹಳೆಯ ಗ್ರಂಥ ಕಾತ್ಯಾಯನನ ಶುಲ್ಬಸೂತ್ರದಲ್ಲಿ ಬರುವ ಉಪಾಯವೇ ಬೇರೆ. ಕೋಲಿನ ಬುಡಕ್ಕೆ ದಾರ ಕಟ್ಟಿ ಕೋಲಿನಷ್ಟೇ ಉದ್ದದ, ಅಂದರೆ 60 ಸೆಂಟಿಮೀಟರಿನ, ಅರ್ಧವ್ಯಾಸಕ್ಕೆ ಸೀಮೆಸುಣ್ಣದಲ್ಲಿ ಸುತ್ತು ಗೆರೆ ಎಳೆಯಿರಿ. ಬೆಳಿಗ್ಗೆ ಉದ್ದವಾಗಿದ್ದ ನೆರಳು ಗಿಡ್ಡವಾಗುತ್ತ ಬಂದು, ಉಂಡೆಯ ನೆರಳಿನ ನಡು ಆ ಗೆರೆಯನ್ನು ಮುಟ್ಟಿದಾಗ ಒಂದು ಹರಳು ಇಡಿ, ಗಂಟೆ ಬರೆದುಕೊಳ್ಳಿ. ನಮ್ಮಲ್ಲಿ ಅದು ಸುಮಾರು 10 ಗಂಟೆ 40 ನಿಮಿಷಕ್ಕೆ. ಊಟ ಮುಗಿಸಿ ಬನ್ನಿ. ನೆರಳು ಮತ್ತೆ ಉದ್ದವಾಗಿ ಗೆರೆ ದಾಟುವುದು 2 ಗಂಟೆ 20ರ ಹೊತ್ತಿಗೆ. ಅಲ್ಲೊಂದು ಹರಳು.

ಎರಡು ಹರಳುಗಳ ನಡುವೆ ದಾರ ಎಳೆದು ಹಿಡಿದರೆ ಅದೇ ಪಡು–ಮೂಡು ಗೆರೆ. ಬೆಳಗಿನ ಹರಳು ಪಡುವಿಗೆ, ಮಧ್ಯಾಹ್ನದ್ದು ಮೂಡಿಗೆ. ದಾರದ ನಡುವಿನಿಂದ ಕೋಲಿನ ಬುಡಕ್ಕೆ ಗೆರೆ ಎಳೆದರೆ ಬಡಗು–ತೆಂಕು. ಮರುದಿನ ಬೆಳಿಗ್ಗೆ ಬೇಗ ಎದ್ದು, ಬಯಲಿದ್ದ ಕಡೆ ಈ ಮೂಡಿಗೆ ಹೋಲಿಸಿ ನೋಡಿ. ಡಿಸೆಂಬರಿನಲ್ಲಿ ಸೂರ್ಯ ಮೂಡಿನಿಂದ ಸುಮಾರು 24 ಡಿಗ್ರಿ ತೆಂಕಿಗೆ ಸರಿದು ಹುಟ್ಟುತ್ತಾನೆ. ಕೈ ನೀಡಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹತ್ತು ಡಿಗ್ರಿ; ಎರಡೂವರೆ ಮುಷ್ಟಿ ಅಂದರೆ ಕಡಿಮೆಯಲ್ಲ. ನಿಜವಾದ ಮೂಡಿನಲ್ಲಿ ಅವನು ಹುಟ್ಟುವುದು ಮಾರ್ಚ್ 21, ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಮಾತ್ರ.

ಇನ್ನು ಗಂಟೆಯ ಮಾತು. 10:40 ಮತ್ತು 2:20ರ ನಡುವಣ ಹೊತ್ತು ಎಷ್ಟೆಂದು ಮಗುವೇ ಲೆಕ್ಕ ಹಾಕಲಿ. ಹನ್ನೆರಡೂವರೆ! ನಮ್ಮ ಗಡಿಯಾರ ಸರಿಯಿದೆ, ಆದರೆ ಅದು ತೋರಿಸುವುದು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಹೊತ್ತು. ಕಾಸರಗೋಡು ಇರುವುದು 75ರಲ್ಲಿ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗಿದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಏಳೂವರೆ ಡಿಗ್ರಿಗೆ ಅರ್ಧ ಗಂಟೆ. ಮಿರ್ಜಾಪುರ ಸೂರ್ಯನ ನೇರಕ್ಕೆ ಬಂದು ಅರ್ಧ ಗಂಟೆ ತಿರುಗಿದ ಮೇಲೆ ನಮ್ಮೂರಿನ ಸರದಿ. ಇದೇ ಆಟವನ್ನು ಫೆಬ್ರವರಿ ನಡುವಿನಲ್ಲಿ ಆಡಿದರೆ 12:44 ಬರುತ್ತದೆ, ನವೆಂಬರ್ ಮೊದಲ ವಾರದಲ್ಲಿ 12:14. ಅದರ ಕಾರಣ ಹೈಸ್ಕೂಲಿಗೆ ಇರಲಿ. ಆರಂಭಕ್ಕೆ ಡಿಸೆಂಬರ್ ಕೊನೆಯೇ ವಾಸಿ.

ಒಂದು ಜಾಣ ಮಗು ಕೇಳಬಹುದು, "ಭೂಮಿ ಸುಮ್ಮನಿದ್ದು ಸೂರ್ಯನೇ ಸುತ್ತಿದರೂ ನೆರಳು ಹೀಗೇ ಬೀಳುವುದಿಲ್ಲವೇ ಮಾಷ್ಟ್ರೇ?" ಹೌದು, ಹೀಗೇ ಬೀಳುತ್ತದೆ. ಅಲ್ಲಿ ಗದರಿಸಬೇಡಿ. ತಿರುಗುವುದು ಭೂಮಿಯೇ ಎಂದು ಈ ಕೋಲೊಂದರಿಂದ ರುಜುವಾತಾಗುವುದಿಲ್ಲ. 1851ರಲ್ಲಿ ಪ್ಯಾರಿಸಿನಲ್ಲಿ ಫೂಕೋ ಎಂಬಾತ ಉದ್ದ ತಂತಿಗೆ ಭಾರದ ಗುಂಡು ತೂಗುಬಿಟ್ಟು, ಅದು ಆಡುವ ದಿಕ್ಕು ನಿಧಾನವಾಗಿ ಹೊರಳುವುದನ್ನು ಜನರಿಗೆ ತೋರಿಸಿದ. ಆ ಕಥೆ ಹೇಳಿ.

ಡಿಸೆಂಬರ್ 25ರ ನಡುಹಗಲಿನ ನೆರಳು ಸುಮಾರು 43 ಸೆಂಟಿಮೀಟರ್, ಬಡಗಿಗೆ. ಅದೇ ಕೋಲಿಗೆ ಮಾರ್ಚ್ 21ರಂದು 13. ಏಪ್ರಿಲ್ 23ರ ಆಸುಪಾಸು, ಬೇಸಿಗೆ ರಜೆಯಲ್ಲಿ, ಹನ್ನೆರಡೂವರೆಯ ಹೊತ್ತಿಗೆ ಉಂಡೆಯ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಆಮೇಲೆ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ನೆರಳು ತೆಂಕಿಗೆ ಬೀಳುತ್ತದೆ. ಜೂನ್, ಜುಲೈ ನಮಗೆ ಮೋಡ. ಅದನ್ನು ನೋಡಬೇಕಿದ್ದರೆ ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮೊದಲು ಕೋಲು ನೆಡಿ.