ಫಲಿತಾಂಶದ ಮುನ್ನಾದಿನ ಸ್ಟ್ರಾಡಲ್ ಕೊಳ್ಳುವವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಂಪನಿಗಳ ತ್ರೈಮಾಸಿಕ ಫಲಿತಾಂಶ ಶುರುವಾದರೆ ಆಪ್ಷನ್ ವಹಿವಾಟು ಮಾಡುವವರ ಬಾಯಲ್ಲಿ ಒಂದೇ ಮಾತು: "ಷೇರು ಏರುತ್ತೋ ಇಳಿಯುತ್ತೋ ಗೊತ್ತಿಲ್ಲ, ಆದರೆ ಜೋರಾಗಿ ಅಲ್ಲಾಡುತ್ತೆ. ಸ್ಟ್ರಾಡಲ್ ತಗೊಂಡುಬಿಡೋಣ." ಅಂದರೆ ಒಂದೇ ಸ್ಟ್ರೈಕ್ ಬೆಲೆಯ, ಒಂದೇ ಎಕ್ಸ್‌ಪೈರಿಯ ಒಂದು ಕಾಲ್, ಒಂದು ಪುಟ್, ಎರಡನ್ನೂ ಕೊಳ್ಳುವುದು. ಮೊದಲೇ ಗೊತ್ತುಮಾಡಿದ ಆ ಸ್ಟ್ರೈಕ್ ಬೆಲೆಗೆ ಷೇರು ಕೊಳ್ಳುವ ಹಕ್ಕು ಕಾಲ್, ಮಾರುವ ಹಕ್ಕು ಪುಟ್, ಆ ಹಕ್ಕಿನ ಅವಧಿ ಮುಗಿಯುವ ದಿನ ಎಕ್ಸ್‌ಪೈರಿ. ಅಲ್ಲಾಡುತ್ತದೆ, ಸರಿ. ಎಷ್ಟು ಅಲ್ಲಾಡಬೇಕು ಅಂತ ಲೆಕ್ಕ ಹಾಕಿದ್ದೀರಾ?

ಕಾಗದ, ಪೆನ್ನು ತಗೊಳ್ಳಿ. ಷೇರಿನ ಬೆಲೆ 1500 ರೂಪಾಯಿ ಅಂದುಕೊಳ್ಳಿ. ಎಕ್ಸ್‌ಪೈರಿಗೆ 12 ದಿನ ಇದೆ, ಇವತ್ತು ಸಂಜೆ ಫಲಿತಾಂಶ. 1500ರ ಕಾಲ್‌ಗೆ 42 ರೂಪಾಯಿ, ಪುಟ್‌ಗೆ 38. ಒಟ್ಟು ಪ್ರೀಮಿಯಂ 80. ಇದನ್ನು 1500ಕ್ಕೆ ಕೂಡಿಸಿದರೆ 1580, ಕಳೆದರೆ 1420. ಎಕ್ಸ್‌ಪೈರಿ ದಿನದ ಬ್ರೇಕ್ ಈವನ್ ಈ ಎರಡೇ. ಇವುಗಳ ನಡುವೆ ಷೇರು ಎಲ್ಲಿ ನಿಂತರೂ ನಿಮಗೆ ನಷ್ಟ. ಲಾಟ್ 400 ಷೇರಿನದಾದರೆ ಕೈಯಿಂದ ಹೋಗುವುದು 32,000 ರೂಪಾಯಿ. ಷೇರು ಸರಿಯಾಗಿ 1500ರಲ್ಲೇ ಮುಗಿದರೆ ಅಷ್ಟೂ ಹೋಯಿತು.

80 ರೂಪಾಯಿ ಅಂದರೆ 1500ರಲ್ಲಿ ಶೇಕಡಾ 5.3. ಅಷ್ಟು ಅಲುಗಾಟವನ್ನು ಪೇಟೆ ಆಗಲೇ ಬೆಲೆ ಕಟ್ಟಿ ನಿಮಗೆ ಮಾರಿದೆ. ಹಾಗಾಗಿ ಕೇಳಬೇಕಾದ್ದು "ಅಲ್ಲಾಡುತ್ತಾ" ಅಂತ ಅಲ್ಲ, "ನಾನು ಕೊಟ್ಟಿದ್ದಕ್ಕಿಂತ ಹೆಚ್ಚು ಅಲ್ಲಾಡುತ್ತಾ" ಅಂತ.

ಇದನ್ನು ಹೇಳಿದ ತಕ್ಷಣ ಯಾರಾದರೂ ಇನ್ಫೋಸಿಸ್ ಕಥೆ ತೆಗೆಯುತ್ತಾರೆ. ಒಳ್ಳೆಯ ಕಥೆಯೇ, ಪೂರ್ತಿ ಹೇಳಿಬಿಡುತ್ತೇನೆ. 2023ರ ಏಪ್ರಿಲ್ 13, ಗುರುವಾರ. ಪೇಟೆ ಮುಚ್ಚಿದ ಮೇಲೆ ಫಲಿತಾಂಶ ಬಂತು. ಮುಂದಿನ ವರ್ಷದ ಆದಾಯ ಶೇಕಡಾ 4ರಿಂದ 7 ಬೆಳೆಯಬಹುದು ಎಂದಿತು ಕಂಪನಿ. ಪೇಟೆ ಇನ್ನೂ ಹೆಚ್ಚಿನದನ್ನು ಎದುರು ನೋಡುತ್ತಿತ್ತು. ಶುಕ್ರವಾರ ಅಂಬೇಡ್ಕರ್ ಜಯಂತಿ, ರಜೆ. ಆಮೇಲೆ ಶನಿವಾರ, ಭಾನುವಾರ. ಮಾರಬೇಕು ಅಂದುಕೊಂಡವರೆಲ್ಲ ಮೂರು ದಿನ ಕೈಕಟ್ಟಿ ಕೂತರು. ಸೋಮವಾರ ಬಾಗಿಲು ತೆರೆದದ್ದೇ ತಡ, ಷೇರು ಒಂದು ಹಂತದಲ್ಲಿ ಸುಮಾರು ಶೇಕಡಾ 15 ಬಿತ್ತು. ಕೊಂಚ ಚೇತರಿಸಿಕೊಂಡು ದಿನ ಮುಗಿಸಿದ್ದು ಶೇಕಡಾ 9ಕ್ಕೂ ಹೆಚ್ಚು ಇಳಿಕೆಯಲ್ಲಿ. ಅಂಥ ದಿನ ಸ್ಟ್ರಾಡಲ್ ಕೈಯಲ್ಲಿದ್ದವರಿಗೆ ಹಬ್ಬ. ಆದರೆ ಆ ಸೋಮವಾರ ಎಲ್ಲರಿಗೂ ನೆನಪಿದೆ, ಷೇರು ಒಂದೋ ಎರಡೋ ಪರ್ಸೆಂಟ್ ಅಲುಗಿ ಸುಮ್ಮನಾದ ಫಲಿತಾಂಶಗಳು ಯಾರಿಗೂ ನೆನಪಿಲ್ಲ. ಲೆಕ್ಕಕ್ಕೆ ಅವೂ ಬೇಕು.

ಮತ್ತೆ ನಮ್ಮ 1500ರ ಷೇರಿಗೆ ಬನ್ನಿ. ಫಲಿತಾಂಶ ಬರುವವರೆಗೆ ಪ್ರೀಮಿಯಂ ಉಬ್ಬಿರುತ್ತದೆ. ಬಂದ ಮರುಕ್ಷಣ ಗುಟ್ಟು ರಟ್ಟಾಯಿತು, ಗಾಳಿ ಇಳಿಯಿತು. ಇಂಪ್ಲೈಡ್ ವೊಲಾಟಿಲಿಟಿ, ಅಂದರೆ ಷೇರು ವರ್ಷಕ್ಕೆ ಎಷ್ಟು ಅಲ್ಲಾಡಬಹುದು ಅಂತ ಪ್ರೀಮಿಯಂನಲ್ಲೇ ಅಡಗಿರುವ ಪೇಟೆಯ ಅಂದಾಜು, ಶೇಕಡಾ 37ರಿಂದ 24ಕ್ಕೆ ಬಿತ್ತು ಅನ್ನೋಣ. ಬೆಳಿಗ್ಗೆ ಷೇರು 1500ರಲ್ಲೇ ಇದ್ದರೆ ನಿಮ್ಮ 80 ರೂಪಾಯಿ ಸರಕಿಗೆ ಈಗ ಸುಮಾರು 50. ಒಂದೇ ರಾತ್ರಿಗೆ ಲಾಟ್‌ಗೆ 12,000 ಮಾಯ. ಶೇಕಡಾ 4 ಏರಿ 1560 ಆದರೂ ಸಿಗುವುದು 71ರ ಆಸುಪಾಸು. ಷೇರು 60 ರೂಪಾಯಿ ಜಿಗಿದಿದೆ, ನೀವು 9 ರೂಪಾಯಿ ನಷ್ಟದಲ್ಲಿದ್ದೀರಿ! ಮರುದಿನ ಬೆಳಿಗ್ಗೆಯೇ ಅಸಲು ಬರಬೇಕಾದರೆ ಸುಮಾರು 73 ರೂಪಾಯಿ ಅಲ್ಲಾಡಬೇಕು.

ಈಗ ನಿರೀಕ್ಷಿತ ಲಾಭ. ಆ ಕಂಪನಿಯ ಹಿಂದಿನ ಹತ್ತು ಫಲಿತಾಂಶಗಳ ಮರುದಿನದ ಅಲುಗಾಟ ಬರೆದುಕೊಳ್ಳಿ. ಎರಡು ಸಲ ಶೇಕಡಾ 9, ಮೂರು ಸಲ 4, ಐದು ಸಲ ಒಂದೂವರೆ ಎಂದಿಟ್ಟುಕೊಳ್ಳಿ. 9 ಅಲ್ಲಾಡಿದರೆ ಷೇರಿಗೆ 56 ರೂಪಾಯಿ ಲಾಭ, 4 ಅಲ್ಲಾಡಿದರೆ 9 ನಷ್ಟ, ಒಂದೂವರೆಯಾದರೆ 27 ನಷ್ಟ. ಎರಡು ಗೆಲುವಿನಿಂದ ಬಂದದ್ದು 112. ಉಳಿದ ಎಂಟು ಸಲ ಹೋದದ್ದು 27 ಮತ್ತು 135, ಅಂದರೆ 162. ಹತ್ತು ಸಲಕ್ಕೆ 50 ರೂಪಾಯಿ ಕೊರತೆ, ಸರಾಸರಿ ಸಲಕ್ಕೆ 5 ರೂಪಾಯಿ, ಲಾಟ್‌ಗೆ 2,000. ಬ್ರೋಕರೇಜ್, ತೆರಿಗೆ ಇದರ ಮೇಲೆ. ಇದೇ ಸ್ಟ್ರಾಡಲ್ 70ಕ್ಕೆ ಸಿಕ್ಕಿದ್ದರೆ, ಅದೇ ಷೇರು, ಅದೇ ಅಲುಗಾಟ, ಸರಾಸರಿ 5 ರೂಪಾಯಿ ಲಾಭ. ಕೊಟ್ಟಿದ್ದಕ್ಕಿಂತ ಹೆಚ್ಚು ಅಲ್ಲಾಡುತ್ತಾ? ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದೇನೆ, ಬೇಸರಿಸಬೇಡಿ.

ಸಮಯ ಮುಗಿಯುತ್ತಾ ಬಂತು, ಎರಡು ಮಾತು ಬೇಗ ಹೇಳುತ್ತೇನೆ. ಕೊಳ್ಳುವಾಗಲೂ ಮಾರುವಾಗಲೂ, ಸಿಕ್ಕ ಬೆಲೆಗೆ ಆಗಲಿ ಅನ್ನುವ ಮಾರ್ಕೆಟ್ ಆರ್ಡರ್ ಹಾಕಬೇಡಿ. ಕೊಳ್ಳುವವರ, ಮಾರುವವರ ಬೆಲೆಯ ನಡುವೆ ಎರಡು ಮೂರು ರೂಪಾಯಿ ಅಂತರವಿದ್ದರೆ ಎರಡೂ ಆಪ್ಷನ್ ಸೇರಿ ಆ ಲಾಭದ 5 ರೂಪಾಯಿ ಅಲ್ಲೇ ಕರಗುತ್ತದೆ. ಇನ್ನೊಂದು, ಷೇರುಗಳ ಆಪ್ಷನ್ ನಮ್ಮಲ್ಲಿ ಷೇರು ಕೊಟ್ಟು-ಪಡೆದೇ ಚುಕ್ತಾ ಆಗುತ್ತದೆ. ಷೇರಿನ ಬೆಲೆ ಸ್ಟ್ರೈಕ್‌ಗಿಂತ ಮೇಲಿದ್ದು ಇನ್ ದ ಮನಿ ಆಗಿರುವ ಕಾಲ್ ಅನ್ನು ಎಕ್ಸ್‌ಪೈರಿ ಮುಗಿಯುವವರೆಗೆ ಇಟ್ಟುಕೊಂಡರೆ 400 ಷೇರಿಗೆ 6 ಲಕ್ಷ ರೂಪಾಯಿ ಹೊಂದಿಸಬೇಕು. ಷೇರು ಸ್ಟ್ರೈಕ್‌ಗಿಂತ ಕೆಳಗಿದ್ದು ಪುಟ್ ಇಟ್ಟುಕೊಂಡಿದ್ದರೆ ಇಲ್ಲದ ಷೇರನ್ನು ತಂದು ಕೊಡಬೇಕು. ಎಕ್ಸ್‌ಪೈರಿ ವಾರ ಬರುವ ಮುನ್ನವೇ ಎರಡನ್ನೂ ಮಾರಿ ಹೊರಬನ್ನಿ. ನಮಸ್ಕಾರ.