ಊರು ಬದಲಾದಾಗ ತುಂಬಬೇಕಾದ್ದು ನಮೂನೆ 8

ಕೇಳುಗರಿಗೆ ನಮಸ್ಕಾರ.

ಹೊಸ ಊರಿಗೆ ಬಂದು ಮನೆ ಮಾಡಿದ ಮೇಲೆ ಗ್ಯಾಸ್ ಸಂಪರ್ಕ, ಮಕ್ಕಳ ಶಾಲೆ ಎಲ್ಲ ಬೇಗ ಆಗುತ್ತದೆ. ಮತದಾರರ ಪಟ್ಟಿಯ ನೆನಪಾಗುವುದು ಮಾತ್ರ ಚುನಾವಣೆ ಘೋಷಣೆಯಾದಾಗ. ಆಗ ಗಡಿಬಿಡಿಯಲ್ಲಿ ಹೆಚ್ಚಿನವರು ನಮೂನೆ 6 ತುಂಬುತ್ತಾರೆ. 'ಈ ಊರಿನಲ್ಲಿ ನನ್ನ ಹೆಸರು ಹೊಸದಾಗಿ ಸೇರಬೇಕು, ಹಾಗಾಗಿ ಹೊಸ ಅರ್ಜಿ' ಎಂಬುದು ಅವರ ಲೆಕ್ಕ. ತೊಡಕು ಶುರುವಾಗುವುದೇ ಇಲ್ಲಿ.

ನಮೂನೆ 6 ಇರುವುದು ಮೊದಲ ಬಾರಿಗೆ ಮತದಾರರಾಗುವವರಿಗೆ. ಬೇರೆಲ್ಲೂ ನನ್ನ ಹೆಸರಿಲ್ಲ ಎಂದು ಅದರಲ್ಲಿ ಬರೆದು ಸಹಿ ಹಾಕಬೇಕು. ಹಳೆಯ ಊರಿನ ಪಟ್ಟಿಯಲ್ಲಿ ಹೆಸರಿಟ್ಟುಕೊಂಡು ಹೀಗೆ ಸಹಿ ಹಾಕಿದರೆ ಅದು ಸುಳ್ಳು ಘೋಷಣೆ. 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಹೀಗೆ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಹೆಚ್ಚಿನವರು ಕೆಟ್ಟ ಉದ್ದೇಶದಿಂದ ಹೀಗೆ ಮಾಡುವುದಿಲ್ಲ, ಗೊತ್ತಿಲ್ಲದೆ ಮಾಡುತ್ತಾರೆ. ಆದರೂ ಎರಡು ಕಡೆ ಹೆಸರು, ಎರಡು ಗುರುತಿನ ಚೀಟಿ ಉಳಿದರೆ ಮುಂದೆ ಅದನ್ನು ಸರಿಪಡಿಸುವ ಕೆಲಸ ಅವರ ತಲೆಗೇ ಬರುತ್ತದೆ.

ಮನೆ ಬದಲಿಸಿದವರಿಗೆ ಬೇಕಾದ್ದು ನಮೂನೆ 8. ಮೊದಲು ಬೇರೆ ಕ್ಷೇತ್ರಕ್ಕೆ ಹೋದವರೂ ನಮೂನೆ 6 ತುಂಬಬೇಕಿತ್ತು. 2022ರ ಆಗಸ್ಟ್ 1ರಿಂದ ಆ ನಿಯಮ ಬದಲಾಗಿದೆ. ಪಕ್ಕದ ಬೀದಿಗೆ ಹೋದರೂ, ಬೇರೆ ಜಿಲ್ಲೆಗೆ ಹೋದರೂ ನಮೂನೆ 8 ಸಾಕು. ಈ ಹಳೆಯ ಪದ್ಧತಿಯ ನೆನಪಿನಿಂದಲೇ ಈಗಲೂ ಕೆಲವರು 6 ತುಂಬಿ ಅಂತ ಹೇಳುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ರಾಣೆಬೆನ್ನೂರಿನ ಗಂಡ ಹೆಂಡತಿ ಕೆಲಸದ ಮೇಲೆ ಮೈಸೂರಿಗೆ ಬಂದು ಬಾಡಿಗೆ ಮನೆ ಹಿಡಿದಿದ್ದಾರೆ ಅಂತಿಟ್ಟುಕೊಳ್ಳಿ. ಇಬ್ಬರ ಹೆಸರೂ ರಾಣೆಬೆನ್ನೂರು ಕ್ಷೇತ್ರದಲ್ಲಿದೆ. ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಬೇಕು, ಮನೆಗೊಂದು ಅರ್ಜಿ ಅಂತ ಇಲ್ಲ. voters.eci.gov.in ಜಾಲತಾಣದಲ್ಲೋ ಚುನಾವಣಾ ಆಯೋಗದ ಆ್ಯಪ್‌ನಲ್ಲೋ ಮೊಬೈಲ್ ನಂಬರ್ ಕೊಟ್ಟು ಒಳಗೆ ಹೋಗಿ ನಮೂನೆ 8 ತೆರೆಯಬೇಕು. ಮೊದಲು ಕೇಳುವುದು ಎಪಿಕ್ ಸಂಖ್ಯೆ, ಅಂದರೆ ನಿಮ್ಮ ಹಳೆಯ ಗುರುತಿನ ಚೀಟಿಯ ಮೇಲಿರುವ ನಂಬರ್. ಅದನ್ನು ಹಾಕಿದರೆ ಹಳೆಯ ವಿವರ ಕಾಣುತ್ತದೆ. ಆಮೇಲೆ ವಾಸಸ್ಥಳ ಬದಲಾವಣೆ ಎಂಬುದನ್ನು ಗುರುತು ಮಾಡಿ, ಅದೇ ಕ್ಷೇತ್ರದೊಳಗೋ ಹೊರಗೋ ಎಂಬುದನ್ನು ಆರಿಸಬೇಕು. ನಮ್ಮ ದಂಪತಿಗೆ ಹೊರಗೆ.

ಈಗ ಹೊಸ ಕ್ಷೇತ್ರ ಯಾವುದು ಅಂತ ಕೇಳುತ್ತದೆ. ಹೊಸಬರು ತಡವರಿಸುವ ಜಾಗ ಇದು. ಮೈಸೂರು ನಗರ ಅಂದರೆ ಒಂದೇ ಕ್ಷೇತ್ರವಲ್ಲ. ಚಾಮರಾಜ, ಕೃಷ್ಣರಾಜ, ನರಸಿಂಹರಾಜ ಅಂತ ಮೂರಿವೆ. ಅಂಚಿನ ಕೆಲವು ಬಡಾವಣೆಗಳು ಚಾಮುಂಡೇಶ್ವರಿಗೆ ಸೇರುತ್ತವೆ. ಊಹೆ ಮಾಡಬೇಡಿ. ಪಕ್ಕದ ಮನೆಯವರನ್ನು ಕೇಳಿ. ಅವರು ಅದೇ ವಿಳಾಸದ ಹಳೆಯ ಮತದಾರರಾಗಿದ್ದರೆ ಅವರ ಕ್ಷೇತ್ರವೇ ನಿಮ್ಮದು. ಅವರ ಪಟ್ಟಿಯ ಭಾಗ ಸಂಖ್ಯೆಯನ್ನೂ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿಳಾಸ ಬರೆಯುವಾಗ ಕೈ ಬಿಗಿ ಹಿಡಿಯಬೇಡಿ. ಮನೆ ನಂಬರ್, ಅಡ್ಡರಸ್ತೆ, ಮುಖ್ಯರಸ್ತೆ, ಬಡಾವಣೆ, ಪಿನ್‌ಕೋಡ್ ಎಲ್ಲ ಇರಲಿ. ಮಹಡಿ ಮೇಲಿನ ಮನೆಯೋ ಹಿಂಬದಿಯ ಮನೆಯೋ ಆಗಿದ್ದರೆ ಅದನ್ನೂ ಬರೆಯಿರಿ. ಈ ವಿಳಾಸ ಹಿಡಿದು ಒಬ್ಬರು ನಿಮ್ಮ ಮನೆ ಹುಡುಕಿಕೊಂಡು ಬರುವವರಿದ್ದಾರೆ.

ವಿಳಾಸದ ದಾಖಲೆ ಬಾಡಿಗೆದಾರರಿಗೆ ದೊಡ್ಡ ತಲೆನೋವು. ಕರೆಂಟ್ ಬಿಲ್ ಮಾಲೀಕರ ಹೆಸರಿನಲ್ಲಿರುತ್ತದೆ. ನಮ್ಮ ಕೈಯಲ್ಲಿರುವುದು ಬಾಂಡ್ ಪೇಪರ್ ಮೇಲೆ ಬರೆದ ಹನ್ನೊಂದು ತಿಂಗಳ ಕರಾರು. ಆದರೆ ಅರ್ಜಿ ಕೇಳುವುದು ನೋಂದಣಿಯಾದ ಬಾಡಿಗೆ ಕರಾರು. ಹಾಗಾಗಿ ಸುಲಭದ ದಾರಿ ಅಂದರೆ ಮೊದಲು ಆಧಾರ್‌ನಲ್ಲೋ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್ಕಿನಲ್ಲೋ ಹೊಸ ವಿಳಾಸ ಹಾಕಿಸಿಕೊಳ್ಳುವುದು. ಪಾಸ್‌ಬುಕ್ ಇಲ್ಲಿ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ದಂಪತಿಯಲ್ಲಿ ಒಬ್ಬರ ಹೆಸರು ಅದೇ ವಿಳಾಸಕ್ಕೆ ಪಟ್ಟಿಯಲ್ಲಿ ಸೇರಿದ ಮೇಲೆ ಅವರ ದಾಖಲೆಯನ್ನೇ ಇನ್ನೊಬ್ಬರೂ ಕೊಡಬಹುದು. ಹಾಗಾಗಿ ಯಾರ ದಾಖಲೆ ಗಟ್ಟಿಯಿದೆಯೋ ಅವರು ಮೊದಲು ಅರ್ಜಿ ಹಾಕಲಿ. ಅರ್ಜಿಯಲ್ಲಿ ಹೇಳಿದ ಯಾವ ದಾಖಲೆಯೂ ಇಲ್ಲದವರು ಬೇರೆ ಏನಾದರೂ ಲಗತ್ತಿಸಬಹುದು. ಆಗ ಸ್ಥಳ ಪರಿಶೀಲನೆ ಆಗಲೇಬೇಕು.

ಆ ಪರಿಶೀಲನೆಗೆ ಬರುವವರು ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಹೆಚ್ಚಾಗಿ ಶಾಲಾ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ತಮ್ಮ ಕೆಲಸ ಮುಗಿಸಿಕೊಂಡು ಬಿಸಿಲಲ್ಲಿ ಮನೆಮನೆ ಸುತ್ತುವ ಇವರ ಬಗ್ಗೆ ನನಗೆ ಬಹಳ ಗೌರವ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಬೀಗ ಇರುತ್ತದೆ. ಪಕ್ಕದವರನ್ನು ಕೇಳಿದರೆ 'ನಮಗೆ ಗೊತ್ತಿಲ್ಲ, ಹೊಸಬರು' ಅಂತಾರೆ. ಅರ್ಜಿ ಅಲ್ಲೇ ಬಿದ್ದುಹೋಗಬಹುದು. ಅದಕ್ಕೇ ಪಕ್ಕದ ಮನೆಗೂ, ಮಾಲೀಕರಿಗೂ ಒಂದು ಮಾತು ಹೇಳಿಟ್ಟಿರಿ. ಅರ್ಜಿಯಲ್ಲಿ ಸದಾ ಕೈಯಲ್ಲಿರುವ ಮೊಬೈಲ್ ನಂಬರನ್ನೇ ಕೊಡಿ. ನೀವೇ ಬಿಎಲ್‌ಒಗೆ ಫೋನ್ ಮಾಡಿ, ಇಂಥ ಹೊತ್ತಿಗೆ ಮನೆಯಲ್ಲಿರುತ್ತೇವೆ ಮೇಡಂ ಅಂದರೆ ಇನ್ನೂ ಒಳ್ಳೆಯದು. ಅವರ ಹೆಸರು, ನಂಬರ್ ಗೊತ್ತಾಗಬೇಕಾದರೆ ಪಕ್ಕದ ಮನೆಯವರಿಂದ ಪಡೆದ ಭಾಗ ಸಂಖ್ಯೆ ಬೇಕು.

ಅರ್ಜಿ ಸಲ್ಲಿಸಿದ ಕೂಡಲೇ ಒಂದು ಉಲ್ಲೇಖ ಸಂಖ್ಯೆ ಬರುತ್ತದೆ. ಬರೆದಿಟ್ಟುಕೊಳ್ಳಿ. ಅದನ್ನು ಹಾಕಿ ಅರ್ಜಿ ಎಲ್ಲಿಯವರೆಗೆ ಬಂದಿದೆ ಅಂತ ಅದೇ ಜಾಲತಾಣದಲ್ಲಿ ನೋಡಬಹುದು. ಇಂಟರ್ನೆಟ್ ಬೇಡ ಅನ್ನುವವರು ಕಾಗದದ ನಮೂನೆಯನ್ನೇ ತುಂಬಿ ಬಿಎಲ್‌ಒಗೆ ಕೊಟ್ಟು ಸ್ವೀಕೃತಿ ಪಡೆಯಬಹುದು.

ಅರ್ಜಿ ಒಪ್ಪಿಗೆಯಾದರೆ ಹಳೆಯ ಊರಿನ ಹೆಸರನ್ನು ತೆಗೆಸಲು ಬೇರೆ ಅರ್ಜಿ ಬೇಡ. ಎಪಿಕ್ ಸಂಖ್ಯೆ ಹಳೆಯದೇ ಉಳಿಯುತ್ತದೆ, ಹೊಸ ವಿಳಾಸದ ಚೀಟಿ ಬರುತ್ತದೆ. ಚೀಟಿ ಕೈಗೆ ಬಂತು ಅಂತ ಸುಮ್ನೆ ಇರಬೇಡಿ. ಮತ ಹಾಕಲು ಪಟ್ಟಿಯಲ್ಲಿ ಹೆಸರಿರಬೇಕು. ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡನ್ನೂ ಕಣ್ಣಾರೆ ನೋಡಿ.

ಊರಲ್ಲಿ ಹೆಸರು ಹೋದರೆ ಜಮೀನಿಗೆ ತೊಂದರೆ ಆಗುತ್ತದಾ ಅಂತ ಕೆಲವರಿಗೆ ಭಯ. ಇಲ್ಲ. ಪಹಣಿಗೂ ಮತದಾರರ ಪಟ್ಟಿಗೂ ಸಂಬಂಧವಿಲ್ಲ. ಊರಲ್ಲಿ ಸ್ವಂತ ಮನೆಯಿದೆ ಎಂಬುದಷ್ಟರಿಂದಲೇ ಅಲ್ಲಿಯ ಮತದಾರರೆಂದೂ ಆಗುವುದಿಲ್ಲ. ನೀವು ಸಾಮಾನ್ಯವಾಗಿ ಎಲ್ಲಿ ವಾಸವಿದ್ದೀರಿ ಎಂಬುದೇ ಲೆಕ್ಕ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳಿಗೆ ಮಾತ್ರ ಒಂದು ಅನುಕೂಲ ಇದೆ. ತಂದೆತಾಯಿಯ ಮನೆ, ಹಾಸ್ಟೆಲು ಇವೆರಡರಲ್ಲಿ ಒಂದನ್ನು ಅವರು ಆರಿಸಿಕೊಳ್ಳಬಹುದು.

ಇನ್ನು ಸಮಯದ ಮಾತು. ನಾಮಪತ್ರ ಸಲ್ಲಿಸುವ ಕೊನೆಯ ದಿನದ ಗಡುವು ಮುಗಿದ ಮೇಲೆ ಆ ಚುನಾವಣೆ ಮುಗಿಯುವ ತನಕ ಪಟ್ಟಿಯನ್ನು ಮುಟ್ಟುವಂತಿಲ್ಲ. ಅದಕ್ಕೂ ಮೊದಲು ಆಕ್ಷೇಪಣೆಗೆ ಏಳು ದಿನ ಬಿಡಬೇಕು. ಅಂದರೆ ಕೊನೇ ವಾರದಲ್ಲಿ ಹಾಕಿದ ಅರ್ಜಿ ಈ ಚುನಾವಣೆಗೆ ಸಿಗುವುದು ಕಷ್ಟ. ಆಗ ಹೆಸರು ಹಳೆಯ ಊರಿನಲ್ಲೇ ಇರುತ್ತದೆ.

ಅರ್ಜಿ ತಿರಸ್ಕಾರವಾದರೆ ಕಾರಣ ಕೇಳಿ ತಿಳಿದುಕೊಳ್ಳಿ. ಬಾಗಿಲು ಹಾಕಿತ್ತು, ದಾಖಲೆ ಓದಲು ಬರಲಿಲ್ಲ ಎಂಬಂಥ ಕಾರಣವಾದರೆ ಅದನ್ನು ಸರಿಮಾಡಿ ಮತ್ತೆ ಅರ್ಜಿ ಹಾಕಿ. ತೀರ್ಮಾನವೇ ತಪ್ಪು ಅನ್ನಿಸಿದರೆ ಆದೇಶದ ದಿನದಿಂದ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಕೊಡಬಹುದು. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಎಲ್ಲಿ ಹೋಗಬೇಕು ಅಂತ ತಿಳಿಯದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ, ಉಲ್ಲೇಖ ಸಂಖ್ಯೆ ಹೇಳಿ. ನಮಸ್ಕಾರ.